27 ಮಕ್ಕಳು, 31 ಕೈಗಳು: ಆರನೇ ತರಗತಿಯಲ್ಲಿ ಸ್ತಂಭ ನಕ್ಷೆ

ಕಾರವಾರ–ಅಂಕೋಲಾ ನಡುವೆ ಹೆದ್ದಾರಿ ಪಕ್ಕದ ಒಂದು ಸರಕಾರಿ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಆರನೇ ತರಗತಿಯ ದತ್ತಾಂಶದ ಪಾಠಕ್ಕೆ ಪುಸ್ತಕದ ಕೋಷ್ಟಕಗಳನ್ನು ನಾನು ಕೊನೆಗೆ ಮಾತ್ರ ಮುಟ್ಟುತ್ತೇನೆ. ಮೊದಲು ಮಕ್ಕಳು ತಮ್ಮ ತರಗತಿಯನ್ನೇ ಎಣಿಸಬೇಕು. ಪುಸ್ತಕದ ಕೋಷ್ಟಕದಲ್ಲಿ ಕಷ್ಟದ ಕೆಲಸವನ್ನೆಲ್ಲ ಬೇರೆಯವರು ಮುಗಿಸಿ ಕೊಟ್ಟಿರುತ್ತಾರೆ, ಕಂಬ ಎಳೆಯುವುದೊಂದೇ ಬಾಕಿ. ಕಂಬ ಎಳೆಯುವುದು ಸುಲಭ. ಸರಿಯಾದ ಪ್ರಶ್ನೆ ಕೇಳಿ ಸರಿಯಾಗಿ ಎಣಿಸುವುದೇ ಕಷ್ಟ.

ಏನು ಕೇಳೋಣ ಅಂದರೆ ನಮ್ಮ ಕಡೆ ಮಕ್ಕಳ ಬಾಯಲ್ಲಿ ಮೊದಲು ಬರುವುದು ಮೀನು. "ಯಾವ ಮೀನು ಇಷ್ಟ ಅಂತ ಕೇಳುವ ಅಕ್ಕೋರೆ!" ಆದರೆ ಒಬ್ಬಳು ಬಂಗಡೆ, ತಾರ್ಲೆ, ಸಿಗಡಿ ಮೂರೂ ಇಷ್ಟ ಅನ್ನುತ್ತಾಳೆ, ಮತ್ತೊಬ್ಬನ ಮನೆಯಲ್ಲಿ ಮೀನೇ ತಿನ್ನುವುದಿಲ್ಲ, ಇನ್ನೊಬ್ಬ ಪಕ್ಕದವನ ಉತ್ತರ ಕೇಳಿ ತನ್ನದನ್ನು ಬದಲಿಸುತ್ತಾನೆ. ಮೊದಲ ಸಮೀಕ್ಷೆಗೆ ಒಬ್ಬರಿಗೆ ಒಂದೇ ಉತ್ತರ ಇರುವ, ನಡೆದುಹೋದ ಸಂಗತಿಯ ಬಗ್ಗೆ ಕೇಳುವುದು ಒಳ್ಳೆಯದು. ಹಾಗಾಗಿ ನಾವು ಆರಿಸಿದ್ದು: ಶಾಲೆಗೆ ಹೇಗೆ ಬರುತ್ತೀರಿ?

ಅದನ್ನೂ ಮೊದಲು ಬೇಕೆಂದೇ ಹಾಗೆಯೇ ಬಿಟ್ಟೆ, ತಿದ್ದಲಿಲ್ಲ. ನಡೆದು, ಬಸ್ಸು, ಬೈಕು, ಸೈಕಲ್ಲು, ರಿಕ್ಷಾ ಅಂತ ಒಂದೊಂದಾಗಿ ಹೇಳಿ ಕೈ ಎತ್ತಿಸಿದೆ. ನಡೆದು ಬರುವವರು 15, ಬಸ್ಸು 7, ಬೈಕು 6, ಸೈಕಲ್ಲು 2, ರಿಕ್ಷಾ 1. ಕೂಡಿಸಿ ಅಂದೆ. 31 ಬಂತು. ಹಾಜರಿ ಪುಸ್ತಕ ತೆಗೆದು ತೋರಿಸಿದೆ, ಅವತ್ತು ಬಂದವರು 27 ಮಕ್ಕಳು. ನಾಲ್ಕು ಕೈ ಎಲ್ಲಿಂದ ಬಂತು?

ಇಲ್ಲಿಂದ ಪಾಠ ತಾನಾಗಿಯೇ ಮುಂದೆ ಹೋಗುತ್ತದೆ, ನಾವು ಸುಮ್ನೆ ಕೇಳಿಸಿಕೊಂಡರೆ ಸಾಕು. ಬಸ್ಸಿನಲ್ಲಿ ಬರುವ ಮೂವರು ಮನೆಯಿಂದ ಬಸ್‌ಸ್ಟಾಪಿನವರೆಗೆ ನಡೆಯುತ್ತಾರೆ, ಅದಕ್ಕೆ ಎರಡಕ್ಕೂ ಕೈ ಎತ್ತಿದ್ದರು. ಇನ್ನೊಬ್ಬ ದಿನಾ ಅಪ್ಪನ ಬೈಕಿನಲ್ಲಿ ಬರುವವನು, ಅವತ್ತು ಮಾತ್ರ ನಡೆದು ಬಂದಿದ್ದ. ಯಾರೂ ಸುಳ್ಳು ಹೇಳಿರಲಿಲ್ಲ, ಪ್ರಶ್ನೆಯೇ ಸಡಿಲವಾಗಿತ್ತು. ಅವರೇ ಚರ್ಚೆ ಮಾಡಿ ಅದನ್ನು ಬಿಗಿ ಮಾಡಿದರು: "ಇವತ್ತು ಬೆಳಿಗ್ಗೆ ಶಾಲೆಗೆ ಬರುವಾಗ ಹೆಚ್ಚಿನ ದೂರ ಹೇಗೆ ಬಂದೆ?" 'ಇವತ್ತು' ಅನ್ನುವುದು ಬೈಕಿನ ಹುಡುಗನ ಗೊಂದಲ ತೆಗೆಯಿತು, 'ಹೆಚ್ಚಿನ ದೂರ' ಅನ್ನುವುದು ಬಸ್ಸಿನ ಮಕ್ಕಳದ್ದು.

ಎರಡನೇ ಸಲ ಕೈ ಎತ್ತಿಸಲಿಲ್ಲ, ಚೀಟಿ ಕೊಟ್ಟೆ. ನೋಟ್‌ಬುಕ್ಕಿನ ಹಾಳೆಯನ್ನು ಎಂಟು ಸಮ ತುಂಡು ಮಾಡಿದರೆ ಒಂದು ಚೀಟಿ. ಹೆಸರು ಬೇಡ, ಹಾಜರಿ ಸಂಖ್ಯೆ ಮತ್ತು ಉತ್ತರ ಅಷ್ಟೇ. ಸಂಖ್ಯೆ ಇದ್ದರೆ ಅರ್ಥವಾಗದ ಚೀಟಿ ಯಾರದು ಎಂದು ತಿರುಗಿ ಕೇಳಬಹುದು. ಒಬ್ಬಳು ಚೀಟಿ ಓದುತ್ತಾಳೆ, ಒಬ್ಬ ಬೋರ್ಡಿನ ಮೇಲೆ ತಾಳೆ ಗುರುತು ಹಾಕುತ್ತಾನೆ, ಉಳಿದವರು ತಮ್ಮ ಪುಸ್ತಕದಲ್ಲಿ ಹಾಕುತ್ತಾರೆ. ಈ ಸಲ ನಡೆದು 12, ಬಸ್ಸು 7, ಬೈಕು 5, ಸೈಕಲ್ಲು 2, ರಿಕ್ಷಾ 1. ಒಟ್ಟು 27.

ತಾಳೆ ಗುರುತಿನಲ್ಲಿ ಒಂದು ತಪ್ಪು ತುಂಬಾ ಸಾಮಾನ್ಯ. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಎಳೆಯಬೇಕು. ಕೆಲವರು ಐದು ನಿಂತ ಗೆರೆ ಎಳೆದು ಆರನೆಯದನ್ನು ಅಡ್ಡ ಹಾಕುತ್ತಾರೆ, ಆಮೇಲೆ ಓದುವಾಗ ಆ ಕಟ್ಟನ್ನು ಐದು ಎಂದೇ ಓದುತ್ತಾರೆ. ಎಲ್ಲರ ಪುಸ್ತಕ ತಿರುವಿ ಹಾಕಬೇಕಿಲ್ಲ, ಮೊತ್ತ ಕೇಳಿದರೆ ಸಾಕು. ಒಬ್ಬ ಹುಡುಗನಿಗೆ 24 ಬಂದಿತ್ತು. ಅವನ ಪುಸ್ತಕದಲ್ಲಿ ನಡೆದು ಬಂದವರ 12 ಎರಡು ಕಟ್ಟಾಗಿ 10 ಆಗಿತ್ತು, ಬಸ್ಸಿನ 7 ಒಂದು ಕಟ್ಟು ಒಂದು ಗೆರೆಯಾಗಿ 6 ಆಗಿತ್ತು. ಮೂರು ಕಟ್ಟು, ಮೂರು ಕಡಿಮೆ. ಕಟ್ಟಿಗೆ ಒಂದರಂತೆ ಕಡಿಮೆ ಬಂದರೆ ಕಾರಣ ಬೇರೆ ಹುಡುಕಬೇಡಿ.

ಆಮೇಲೆ ಅವೇ ಚೀಟಿಗಳನ್ನು ಗೋಡೆಗೆ ಅಂಟಿಸಿದೆವು. ಕೆಳಗೆ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ, ಅದರ ಮೇಲೆ ಒಂದೊಂದು ಉತ್ತರಕ್ಕೆ ಒಂದು ಸಾಲು, ಚೀಟಿಯ ಮೇಲೆ ಚೀಟಿ, ಸಾಲುಗಳ ನಡುವೆ ಒಂದೇ ಅಳತೆಯ ಜಾಗ. ಈ ಹಂತವನ್ನು ನಾನು ಯಾವತ್ತೂ ಬಿಡುವುದಿಲ್ಲ. ಬೈಕಿನ ಸಾಲನ್ನು ಗೆರೆಗಿಂತ ಒಂದು ಗೇಣು ಮೇಲಿಂದ ಶುರು ಮಾಡಿದ್ದರು. ದೂರದಿಂದ ನೋಡಿದರೆ ಬೈಕು ಮತ್ತು ಬಸ್ಸು ಒಂದೇ ಎತ್ತರ ಕಾಣುತ್ತಿತ್ತು. "ಹಾಗಾದರೆ ಇಬ್ಬರೂ ಸಮ ಅಲ್ವಾ?" ಅಂತ ಕೇಳಿದ್ದೇ ತಡ, ಮಕ್ಕಳೇ ಓಡಿ ಹೋಗಿ ಕಿತ್ತು ಗೆರೆಗೆ ತಾಗಿಸಿ ಅಂಟಿಸಿದರು. ಎಲ್ಲ ಕಂಬವೂ ಸೊನ್ನೆಯಿಂದ ಏಳಬೇಕು, ಎಲ್ಲದರ ಅಗಲ ಒಂದೇ ಇರಬೇಕು ಅನ್ನುವ ನಿಯಮಗಳನ್ನು ಬರೆಸುವ ಮೊದಲೇ ಅವು ಮಕ್ಕಳಿಗೆ ಗೊತ್ತಾಗಿರುತ್ತವೆ.

ನಂತರ ಚೌಕುಳಿ ಹಾಳೆ. ಒಂದು ಚೌಕ ಅಂದರೆ ಒಂದು ಮಗು. ಇಲ್ಲಿ ನೋಡಬೇಕಾದ್ದು ಸಂಖ್ಯೆ ಎಲ್ಲಿ ಬರೆಯುತ್ತಾರೆ ಎಂಬುದು. ಅನೇಕರು 1, 2, 3 ಅಂತ ಚೌಕದ ಒಳಗೆ, ಎರಡು ಗೆರೆಯ ನಡುವೆ ಬರೆಯುತ್ತಾರೆ. ಆಗ 12ರ ಕಂಬ ಒಮ್ಮೆ 11ಕ್ಕೆ, ಒಮ್ಮೆ 12ಕ್ಕೆ ನಿಲ್ಲುತ್ತದೆ. ತಳದ ಗೆರೆಗೆ 0 ಬರೆಸಿ, ಮುಂದಿನ ಸಂಖ್ಯೆಗಳನ್ನು ಗೆರೆಯ ನೇರಕ್ಕೇ ಬರೆಸಬೇಕು.

27 ಮಕ್ಕಳ ಲೆಕ್ಕದಲ್ಲಿ ಪ್ರಮಾಣ ಕಲಿಸುವುದಕ್ಕೆ ಆಗುವುದಿಲ್ಲ, ಅದರ ಅಗತ್ಯವೇ ಬೀಳುವುದಿಲ್ಲ. ಅದಕ್ಕೆ ಇದೇ ಪ್ರಶ್ನೆ ಹಿಡಿದು ಇಡೀ ಶಾಲೆಗೆ ಹೋದರು. ಮೂರು ಮೂರು ಜನರ ಗುಂಪು: ಒಬ್ಬರು ಕೇಳುವುದು, ಒಬ್ಬರು ಗುರುತು ಹಾಕುವುದು, ಒಬ್ಬರು ಆ ತರಗತಿಯ ಹಾಜರಿಗೆ ಮೊತ್ತ ತಾಳೆ ನೋಡುವುದು. ನಡೆದು 56, ಬಸ್ಸು 31, ಬೈಕು 20, ಸೈಕಲ್ಲು 7, ರಿಕ್ಷಾ 4 ಬಂತು. ಒಂದು ಚೌಕ ಒಂದು ಮಗು ಅಂದರೆ 56 ಚೌಕ ಬೇಕು, ಹಾಳೆ ಸಾಲುವುದಿಲ್ಲ. "ಎರಡು ಹಾಳೆ ಅಂಟಿಸುವನ?" ಅಂತ ಒಬ್ಬ ಕೇಳಿದ. ಅಂಟಿಸಬಹುದು, ಆದರೆ ಒಂದು ಚೌಕಕ್ಕೆ 5 ಮಕ್ಕಳು ಅಂತ ಇಟ್ಟುಕೊಂಡರೆ ಒಂದೇ ಹಾಳೆ ಸಾಕು. 20ಕ್ಕೆ ಸರಿಯಾಗಿ 4 ಚೌಕ. 31ಕ್ಕೆ 6 ಚೌಕ, ಮೇಲೆ ಒಂದು ಚೌಕದ ಐದನೇ ಒಂದು ಭಾಗ. ಈ ಚೂರನ್ನು ಮಕ್ಕಳು ಬಿಟ್ಟುಬಿಡುತ್ತಾರೆ ಅಥವಾ ಅರ್ಧ ಚೌಕ ಮಾಡುತ್ತಾರೆ. ಅವಸರ ಮಾಡದೆ ಒಂದು ಚೌಕವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಐದು ಭಾಗ ಮಾಡಿ ತೋರಿಸಿ. ಒಬ್ಬಳು 10ರ ಪ್ರಮಾಣ ಇಟ್ಟಳು, ಅದೂ ಸರಿ, ಆದರೆ 4 ಮತ್ತು 7 ಎರಡೂ ಒಂದು ಚೌಕದೊಳಗೇ ಉಳಿದು ವ್ಯತ್ಯಾಸ ಸರಿಯಾಗಿ ಕಾಣಲಿಲ್ಲ. ಇಬ್ಬರ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ಯಾವುದು ಓದಲು ಸುಲಭ ಅಂತ ಕೇಳಿದರೆ ಉತ್ತರ ಅವರೇ ಹೇಳುತ್ತಾರೆ.

ಒಂದು ಎಚ್ಚರಿಕೆ. ಒಂದು ಗುಂಪು "ಶಾಲೆಗೆ ಬರಲು ಎಷ್ಟು ನಿಮಿಷ?" ಅಂತ ಕೇಳಿತ್ತು. 6, 8, 11, 14, 25 ಅಂತ ಒಬ್ಬೊಬ್ಬರದು ಒಂದೊಂದು ಉತ್ತರ, ಹೆಚ್ಚಿನ ಕಂಬಗಳ ಎತ್ತರ 1. ಅದನ್ನು ಗುಂಪು ಮಾಡಬೇಕಾಗುತ್ತದೆ, 0ಯಿಂದ 10, 10ರಿಂದ 20 ಅಂದರೆ 10 ಯಾವ ಗುಂಪಿಗೆ ಅನ್ನುವ ಜಗಳ ಬೇರೆ. ಆರನೇ ತರಗತಿಯಲ್ಲಿ ಅದು ಬೇಡ, ಹೆಸರಿನ ಉತ್ತರ ಬರುವ ಪ್ರಶ್ನೆಗೇ ನಿಲ್ಲಿ.

ನಕ್ಷೆ ಮುಗಿದ ಮೇಲೆ ಪ್ರಶ್ನೆ ಬರೆಯುವ ಕೆಲಸ ಮಕ್ಕಳದ್ದು. ನಕ್ಷೆ ನೋಡಿ ಉತ್ತರಿಸಬಹುದಾದ ಎರಡು, ಉತ್ತರಿಸಲಾಗದ ಒಂದು. ಬಸ್ಸಿಗಿಂತ ನಡೆದು ಬಂದವರು ಎಷ್ಟು ಜಾಸ್ತಿ ಅಂತ ಬಹಳ ಜನ ಬರೆದರು. ಉತ್ತರಿಸಲಾಗದ್ದರಲ್ಲಿ ನನಗೆ ಇಷ್ಟವಾದದ್ದು, "ಯಾರ ಮನೆ ಎಲ್ಲಕ್ಕಿಂತ ದೂರ?" ಬಸ್ಸಿನವರದ್ದು ಅಂತ ಕೆಲವರು ಹೇಳಿದರು, ಆದರೆ ಹೆದ್ದಾರಿಯ ಆಚೆ ಗುಡ್ಡದ ಕಡೆಯಿಂದ ನಡೆದು ಬರುವವರೂ ಇದ್ದಾರಲ್ಲ. ಇನ್ನೊಬ್ಬಳು "ಮಳೆಗಾಲದಲ್ಲೂ ಹೀಗೇ ಇರುತ್ತದೆಯಾ?" ಅಂತ ಬರೆದಿದ್ದಳು. ಅದಕ್ಕೆ ಉತ್ತರ ಬೇಕಾದರೆ ಜುಲೈನಲ್ಲಿ ಇದೇ ಪ್ರಶ್ನೆಯನ್ನು ಇದೇ ಮಾತಿನಲ್ಲಿ ಮತ್ತೆ ಕೇಳಿ, ಇದೇ ಪ್ರಮಾಣದಲ್ಲಿ ನಕ್ಷೆ ಬರೆಯಬೇಕು. ಅಷ್ಟರಲ್ಲಿ ಅವರು ಏಳನೇ ತರಗತಿಯಲ್ಲಿರುತ್ತಾರೆ, ಆದ್ದರಿಂದ ಇಡೀ ಶಾಲೆಯ ಹಾಳೆಗಳನ್ನು ತೆಗೆದಿಟ್ಟಿದ್ದೇನೆ.