ಟಣ್ ಎನ್ನುವ ಪಾಕ, ಲಟಕ್ಕನೆ ಮುರಿಯುವ ಚಿಕ್ಕಿ

ಸಂಕ್ರಾಂತಿ ಹತ್ತಿರ ಬಂದರೆ ಮೈಸೂರಿನ ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಕೊಬ್ಬರಿ, ಬೆಲ್ಲ ಹೆಚ್ಚುತ್ತಾ ಕೂರುತ್ತಾರೆ. ಎಳ್ಳುಬೆಲ್ಲಕ್ಕೆ ಅಂತ ತಂದ ಕಡಲೆಬೀಜ, ಅಚ್ಚು ಬೆಲ್ಲ ಎರಡೂ ಹೇಗೂ ಒಂದಿಷ್ಟು ಉಳಿಯುತ್ತವೆ. ಉಳಿದದ್ದು ನಮ್ಮ ಮನೆಯಲ್ಲಿ ಚಿಕ್ಕಿಯಾಗುತ್ತದೆ. ನಾನು ಮಾಡಿದ ಮೊದಲ ಎರಡು ವರ್ಷದ ಚಿಕ್ಕಿ ಬಿಸಿ ಆರಿದಾಗ ಗಟ್ಟಿಯಾಗಿಯೇ ಇರುತ್ತಿತ್ತು. ಬಾಯಿಗೆ ಹಾಕಿದರೆ ಮಾತ್ರ ಹಲ್ಲಿಗೆ ಮೆತ್ತಿಕೊಳ್ಳುತ್ತಿತ್ತು. ಮಾರನೇ ದಿನ ಡಬ್ಬಿ ತೆಗೆದರೆ ತುಂಡುಗಳೆಲ್ಲ ಒಂದಕ್ಕೊಂದು ಅಂಟಿ ಒಂದೇ ಮುದ್ದೆ.

ಮಂಡ್ಯದ ಕಡೆಯ ನಮ್ಮ ಅತ್ತೆ ಅದನ್ನು ನೋಡಿ ಒಂದೇ ಮಾತು ಹೇಳಿದರು: "ಪಾಕ ಟಣ್ ಅನ್ನೋಗಂಟ ಒಲೆಯಿಂದ ಇಳಿಸ್ಬೇಡ ಕಣವ್ವ." ಚಿಕ್ಕಿಯ ಗುಟ್ಟೆಲ್ಲ ಆ ಟಣ್‌ನಲ್ಲೇ ಇದೆ. ಅದು ಏನು, ಯಾವಾಗ ಬರುತ್ತದೆ, ಯಾಕೆ ಬರಬೇಕು ಅಂತ ಬಿಡಿಸಿ ಹೇಳುತ್ತೇನೆ.

ಆಲೆಮನೆ ನಿಲ್ಲಿಸಿದಲ್ಲಿಂದ ಮುಂದೆ

ಚಿಕ್ಕಿ ಅಂಟಾಗುವುದಕ್ಕೆ ಮುಖ್ಯ ಕಾರಣ ಪಾಕದಲ್ಲಿ ಉಳಿದುಕೊಂಡ ನೀರು. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುತ್ತಾ ಹೋಗಿ, ಸುಮಾರು 118 ಡಿಗ್ರಿ ಬಿಸಿಯಲ್ಲಿ ಇಳಿಸಿ, ತಿರುವಿ, ಅಚ್ಚಿಗೆ ಹಾಕುತ್ತಾರೆ. ಅಲ್ಲಿಗೆ ಬೆಲ್ಲವಾಯಿತು. ಅದರಲ್ಲಿ ಇನ್ನೂ ಸ್ವಲ್ಪ ನೀರು ಇದ್ದೇ ಇರುತ್ತದೆ. ನಾವು ಅದೇ ಬೆಲ್ಲವನ್ನು ಮತ್ತೆ ಕರಗಿಸಿ 145 ಡಿಗ್ರಿ ದಾಟಿಸಬೇಕು. ಆಗ ಉಳಿಯುವ ನೀರು ನೂರಕ್ಕೆ ಒಂದೆರಡು ಪಾಲು ಮಾತ್ರ. ಅಷ್ಟು ಒಣಗಿದ ಪಾಕ ಆರಿದ ಮೇಲೆ ಗಾಜಿನ ಹಾಗೆ ಗಡುಸಾಗುತ್ತದೆ, ಗಾಜಿನ ಹಾಗೆಯೇ ಮುರಿಯುತ್ತದೆ.

ಹಾಗಾಗಿ ಕರಗಿಸುವಾಗ ಒಂದು ಚಮಚ ನೀರು ಜಾಸ್ತಿ ಬಿತ್ತು ಅಂತ ಗಾಬರಿಯಾಗಬೇಡಿ. ಆ ನೀರು ಹೇಗೂ ಕುದ್ದು ಹೋಗುತ್ತದೆ, ಐದು ನಿಮಿಷ ಹೆಚ್ಚು ನಿಲ್ಲಬೇಕಾಗುತ್ತದೆ ಅಷ್ಟೆ. ಕೆಡುವುದು ಕೊನೆಯ ಎರಡು ಮೂರು ನಿಮಿಷದಲ್ಲಿ. ಪಾಕ ಕಪ್ಪಾಗುತ್ತಿದೆ, ಸೀದುಹೋಗುತ್ತದೆ ಅಂತ ಹೆದರಿ ಬೇಗ ಇಳಿಸಿಬಿಡುತ್ತೇವೆ.

ಬೆಲ್ಲ ಆರಿಸುವುದು

200 ಗ್ರಾಂ ಬೆಲ್ಲಕ್ಕೆ 250 ಗ್ರಾಂ ಕಡಲೆಬೀಜ. ಜೊತೆಗೆ ನಾಲ್ಕು ಚಮಚ ನೀರು, ಒಂದು ಚಮಚ ತುಪ್ಪ, ಒಂದು ಚಿಟಿಕೆ ಅಡುಗೆ ಸೋಡಾ. ಇಷ್ಟೇ ಸಾಮಾನು.

ಬೆಲ್ಲವನ್ನು ಬಣ್ಣ ನೋಡಿ ಕೊಳ್ಳಬೇಡಿ, ಮುರಿದು ನೋಡಿ. ದೇವರಾಜ ಮಾರ್ಕೆಟ್ಟಿನಲ್ಲಾಗಲಿ, ಸಂತೇಪೇಟೆಯಲ್ಲಾಗಲಿ ಅಂಗಡಿಯವರು ಒಂದು ಅಚ್ಚು ಮುರಿದು ತೋರಿಸುತ್ತಾರೆ. ಅಚ್ಚು ಎರಡು ತುಂಡಾಗಿ ಒಡೆಯಬೇಕು, ಒಡೆದ ಕಡೆ ಹರಳು ಮಿನುಗಬೇಕು. ಹೆಬ್ಬೆರಳಿನಲ್ಲಿ ಒತ್ತಿದರೆ ಗುಳಿ ಬೀಳುವ ಬೆಲ್ಲ ಪಾಯಸಕ್ಕೆ, ಹೋಳಿಗೆಗೆ ಆಗುತ್ತದೆ, ಚಿಕ್ಕಿಗೆ ಬೇಡ. ಮಳೆಗಾಲದಲ್ಲಿ ಬೆವರಿ ನೀರೊಡೆದ ಬೆಲ್ಲವಂತೂ ಬೇಡವೇ ಬೇಡ.

ಅದಕ್ಕೆ ಕಾರಣ ಇದೆ. ಕಬ್ಬಿನ ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತದೆ. ಕಡಿದ ಕಬ್ಬನ್ನು ತಡಮಾಡಿ ಅರೆದರೆ, ಹಾಲು ಹುಳಿಯಾದರೆ, ಬೆಲ್ಲ ಹಳೆಯದಾದರೆ ಈ ಪಾಲು ಹೆಚ್ಚುತ್ತದೆ. ಫ್ರಕ್ಟೋಸ್‌ಗೆ ಗಾಳಿಯ ತೇವ ಕಂಡರೆ ಆಗಲೇ ಎಳೆದುಕೊಳ್ಳುವ ಗುಣ. ಪಾಕ ಎಷ್ಟೇ ಸರಿ ಬಂದರೂ ಅಂಥ ಬೆಲ್ಲದ ಚಿಕ್ಕಿ ಸಂಜೆಯ ಹೊತ್ತಿಗೆ ಮೇಲೆಲ್ಲ ಜಿನುಗುತ್ತದೆ. ಇದೇ ಕಾರಣಕ್ಕೆ ಬೆಲ್ಲದ ಪಾಕಕ್ಕೆ ನಿಂಬೆರಸ ಹಾಕಬಾರದು. ಹುಳಿ ಬಿದ್ದರೆ ಸಕ್ಕರೆ ಇನ್ನಷ್ಟು ಒಡೆಯುತ್ತದೆ. ಮೆತ್ತನೆಯ ಬೆಲ್ಲವೇ ಗತಿ ಅನ್ನುವಾಗ 50 ಗ್ರಾಂ ಬೆಲ್ಲ ತೆಗೆದು ಅಷ್ಟೇ ಸಕ್ಕರೆ ಸೇರಿಸಿ. ರುಚಿ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಗರಿಗರಿ ಬರುತ್ತದೆ.

ಬೀಜ ಹುರಿಯುವುದು

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 10ರಿಂದ 12 ನಿಮಿಷ ಹುರಿಯಿರಿ. ದೊಡ್ಡ ಉರಿಯಲ್ಲಿ ಸಿಪ್ಪೆ ಸುಡುತ್ತದೆ, ಒಳಗೆ ಹಸಿಯೇ ಇರುತ್ತದೆ. ಒಂದು ಬೀಜ ತೆಗೆದು, ಆರಲು ಬಿಟ್ಟು, ಎರಡು ಬೇಳೆ ಮಾಡಿ ನೋಡಿ. ಒಳಮೈ ತೆಳು ಕೆಂಪಾಗಿದ್ದರೆ ಸಾಕು. ಆಮೇಲೆ ಬಟ್ಟೆಯಲ್ಲಿ ಕಟ್ಟಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ಬೀಜ ಪಾಕಕ್ಕೆ ಬೀಳುವಾಗ ಬೆಚ್ಚಗೇ ಇರಬೇಕು. ತಣ್ಣಗಿದ್ದರೆ ಪಾಕ ಆಗಲೇ ಬಿಗಿದುಕೊಂಡು ಬೀಜವನ್ನು ಸರಿಯಾಗಿ ಸುತ್ತಿಕೊಳ್ಳುವುದಿಲ್ಲ. ನಾನು ಹುರಿದ ಬಾಣಲೆಯಲ್ಲೇ ಬೀಜ ಹಾಕಿ ಮುಚ್ಚಿಡುತ್ತೇನೆ.

ಪಾಕ ಇಡುವ ಮೊದಲೇ ಮಣೆಗೆ ಅಥವಾ ಬೋರಲು ಹಾಕಿದ ಸ್ಟೀಲ್ ತಟ್ಟೆಗೆ, ಲಟ್ಟಣಿಗೆಗೆ, ಚಾಕುವಿಗೆ ತುಪ್ಪ ಸವರಿಟ್ಟುಕೊಳ್ಳಿ. ಆಮೇಲೆ ಪುರುಸೊತ್ತು ಸಿಗುವುದಿಲ್ಲ.

ಒಂದೇ ಪಾಕ, ಮೂರು ತಟ್ಟೆ

ಬೆಲ್ಲ ಪುಡಿಮಾಡಿ, ನೀರು ಹಾಕಿ ಕರಗಿಸಿ, ಸೋಸಿ. ಅಚ್ಚು ಬೆಲ್ಲದಲ್ಲಿ ಮಣ್ಣು, ಕಬ್ಬಿನ ಸಿಪ್ಪೆ ಇರುತ್ತದಲ್ವಾ. ಮತ್ತೆ ಬಾಣಲೆಗೆ ಹಾಕಿ, ತುಪ್ಪ ಸೇರಿಸಿ, ಕುದಿ ಬರುವವರೆಗೆ ಮಧ್ಯಮ ಉರಿ. ನೊರೆ ಎದ್ದ ಮೇಲೆ ಉರಿ ಸಣ್ಣದು ಮಾಡಿ, ತಳ ಹಿಡಿಯದಂತೆ ಕೈಯಾಡಿಸುತ್ತಾ ಇರಿ.

ಮೊದಲು ದೊಡ್ಡ ಗುಳ್ಳೆಗಳು ಎದ್ದು ಬೇಗ ಬೇಗ ಒಡೆಯುತ್ತವೆ, ಹಬೆ ಚೆನ್ನಾಗಿ ಕಾಣುತ್ತದೆ. ಬರುಬರುತ್ತಾ ಗುಳ್ಳೆ ಸಣ್ಣದಾಗಿ ಒತ್ತೊತ್ತಾಗುತ್ತವೆ, ನಿಧಾನವಾಗಿ ಒಡೆಯುತ್ತವೆ, ಹಬೆ ಇಲ್ಲವೇ ಇಲ್ಲ ಅನ್ನುವಷ್ಟಾಗುತ್ತದೆ. ಇಲ್ಲಿಂದ ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇಟ್ಟುಕೊಂಡು, ಅರ್ಧ ನಿಮಿಷಕ್ಕೊಮ್ಮೆ ಒಂದು ತೊಟ್ಟು ಪಾಕ ಬಿಟ್ಟು ನೋಡಬೇಕು. ನೋಡುವಾಗ ಒಲೆ ಆರಿಸಿ. ಇಲ್ಲದಿದ್ದರೆ ನೀವು ನೋಡುವಷ್ಟರಲ್ಲಿ ಪಾಕ ಮುಂದೆ ಹೋಗಿರುತ್ತದೆ.

ಎಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಬೇಕೆಂದು ಹೋದ ವರ್ಷ ಒಂದೇ ಬಾಣಲೆಯ ಪಾಕವನ್ನು ಮೂರು ಹೊತ್ತಿನಲ್ಲಿ ತೆಗೆದೆ. ಪ್ರತಿ ಸಲವೂ ಎರಡು ಚಮಚ ಪಾಕಕ್ಕೆ ಒಂದು ಹಿಡಿ ಬೀಜ ಕಲಸಿ ಬೇರೆ ಬೇರೆ ತಟ್ಟೆಗೆ ಹರಡಿದೆ. ಅಡುಗೆಯ ಥರ್ಮಾಮೀಟರನ್ನೂ ಇಟ್ಟುಕೊಂಡಿದ್ದೆ.

ಮೊದಲ ತಟ್ಟೆಯದು 125 ಡಿಗ್ರಿ. ನೀರಿನಲ್ಲಿ ಬಿಟ್ಟ ತೊಟ್ಟು ಗೋಲಿಯಂತೆ ಉಂಡೆಯಾಯಿತು. ಗಟ್ಟಿ ಇತ್ತು, ಒತ್ತಿದರೆ ಚಪ್ಪಟೆಯಾಯಿತು. ಇದು ತಂಬಿಟ್ಟಿಗೆ, ಪುರಿ ಉಂಡೆಗೆ ಹತ್ತಿರದ ಪಾಕ. ಆರಿದ ಮೇಲೆ ತುಂಡು ಬಾಗಿತು, ಮುರಿಯಲಿಲ್ಲ.

ಎರಡನೆಯದು 138 ಡಿಗ್ರಿ. ಮೋಸ ಮಾಡುವುದು ಇದೇ. ನೀರಿನಿಂದ ತೆಗೆದ ತೊಟ್ಟು ಕಲ್ಲಿನ ಹಾಗೆ ಗಟ್ಟಿ ಅನ್ನಿಸಿತು. ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಮೊದಲು ಒಂಚೂರು ಬಾಗಿ ಆಮೇಲೆ ಮುರಿಯಿತು. ಕಚ್ಚಿದರೆ ದವಡೆಗೆ ಅಂಟಿತು. ತಟ್ಟೆಗೆ ಎಸೆದರೆ "ಟಪ್" ಅಂತ ಮೊಂಡು ಸದ್ದು. ನನ್ನ ಎರಡು ವರ್ಷದ ಚಿಕ್ಕಿಯೂ ಇದೇ. ಬಿಸಿ ಆರಿದಾಗ ಸರಿ ಇದ್ದ ತಟ್ಟೆ ಮಾರನೇ ಬೆಳಿಗ್ಗೆ ಮೆತ್ತಗಾಗಿತ್ತು.

ಮೂರನೆಯದು 146 ಡಿಗ್ರಿ. ಎರಡನೆಯದರಿಂದ ಇಲ್ಲಿಗೆ ಬರಲು ಸಣ್ಣ ಉರಿಯಲ್ಲಿ ಎರಡು ನಿಮಿಷವೂ ಹಿಡಿಯಲಿಲ್ಲ. ತೊಟ್ಟು ನೀರಿಗೆ ಬಿದ್ದಾಗಲೇ ಚಿಟ್ ಅಂತ ಸಣ್ಣಗೆ ಬಿರುಕು ಬಿಟ್ಟಿತು. ತೆಗೆದು ತಟ್ಟೆಗೆ ಎಸೆದರೆ ಟಣ್! ಬಗ್ಗಿಸಲು ಹೋದರೆ ಬಾಗದೆ ಲಟಕ್ಕನೆ ಎರಡಾಯಿತು. ಕಚ್ಚಿದರೆ ಪುಡಿಯಾಯಿತು, ಹಲ್ಲಿಗೆ ಅಂಟಲಿಲ್ಲ. ಬಣ್ಣ ಕಾಫಿ ಡಿಕಾಕ್ಷನ್ನಿನ ಕೆಂಪು, ವಾಸನೆ ಹುರಿದ ಬೆಲ್ಲದ್ದು.

ಹಾಗಾಗಿ ತೊಟ್ಟು ಗಟ್ಟಿ ಇದೆಯಾ ಅಂತ ಮಾತ್ರ ನೋಡಬೇಡಿ. ಬಾಗುತ್ತದಾ ಅಂತ ನೋಡಿ. ಒಂದು ಕೂದಲಷ್ಟು ಬಾಗಿದರೂ ಇನ್ನೂ ಅರ್ಧ ನಿಮಿಷ ಕಾಯಿಸಿ. ಇನ್ನೊಂದು ಕಡೆ, ಮೂಗಿಗೆ ಘಾಟು ಬಂದು, ನೊರೆಯ ನಡುವೆ ತೆಳ್ಳಗೆ ಹೊಗೆ ಎದ್ದರೆ ಪಾಕ ಮೀರಿದೆ, ಕಹಿಯಾಗುತ್ತದೆ. ಬೆಲ್ಲದಲ್ಲಿ ಈ ಎರಡರ ನಡುವಿನ ಜಾಗ ಕಿರಿದು. ಅದಕ್ಕೇ ಸಣ್ಣ ಉರಿ.

ಥರ್ಮಾಮೀಟರ್ ಇರುವವರಿಗೆ ಒಂದು ಮಾತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಬದಲು 97-98 ಡಿಗ್ರಿಗೇ ಕುದಿಯುತ್ತದೆ. ಪಾಕದ ಹದವೂ ಅಷ್ಟೇ ಮೊದಲು ಬರುತ್ತದೆ. ಪುಸ್ತಕದಲ್ಲಿ 149 ಅಂತ ಇದ್ದರೆ ನಮಗೆ 146 ಸಾಕು. ಮೊದಲು ಕುದಿಯುವ ನೀರಿನಲ್ಲಿ ಅದ್ದಿ ನೋಡಿ, ನಿಮ್ಮ ಥರ್ಮಾಮೀಟರ್ ಎಷ್ಟು ಸರಿ ಅನ್ನುವುದೂ ಗೊತ್ತಾಗುತ್ತದೆ.

ಸುರಿದ ಮೇಲೆ ಎರಡೇ ನಿಮಿಷ

ಟಣ್ ಬಂದ ಕೂಡಲೇ ಒಲೆ ಆರಿಸಿ ಸೋಡಾ ಹಾಕಿ ತಿರುವಿ. ಪಾಕ ಉಬ್ಬಿ ಬಣ್ಣ ತಿಳಿಯಾಗುತ್ತದೆ. ಒಳಗೆ ಸಣ್ಣ ಗಾಳಿಗುಳ್ಳೆ ನಿಲ್ಲುವುದರಿಂದ ಚಿಕ್ಕಿ ಕಚ್ಚಲು ಹಗುರವಾಗುತ್ತದೆ. ಆದರೆ ಎಳೆ ಪಾಕವನ್ನು ಸೋಡಾ ಸರಿಮಾಡುವುದಿಲ್ಲ. ಜಾಸ್ತಿ ಹಾಕಿದರೆ ಚೌಳು ರುಚಿ ಬರುತ್ತದೆ.

ಬೆಚ್ಚಗಿನ ಬೀಜ ಸುರಿದು ನಾಲ್ಕೈದು ಸಲ ಮಗುಚಿ ಮಣೆಗೆ ಹಾಕಿ, ಲಟ್ಟಣಿಗೆಯಲ್ಲಿ ಒಂದು ಬೀಜದ ದಪ್ಪಕ್ಕೆ ಲಟ್ಟಿಸಿ. ಬೆರಳಿನಲ್ಲಿ ಒತ್ತಲು ಹೋಗಬೇಡಿ. ಈ ಪಾಕ ಕುದಿಯುವ ನೀರಿಗಿಂತ ಬಿಸಿ, ಮೈಗೆ ಅಂಟಿದರೆ ಬಿಡುವುದೂ ಇಲ್ಲ. ಮಕ್ಕಳನ್ನು ದೂರ ಇಡಿ. ಒಂದು ನಿಮಿಷ ಬಿಟ್ಟು ಚಾಕುವಿನಲ್ಲಿ ಗೆರೆ ಹಾಕಿ. ಆರಿದ ಮೇಲೆ ಆ ಗೆರೆಯ ಮೇಲೆಯೇ ಮುರಿಯುತ್ತದೆ.

ಪೂರ್ತಿ ಆರಿದ ತಕ್ಷಣ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೆ ಹಬೆ ಕಟ್ಟುತ್ತದೆ, ತಟ್ಟೆಯಲ್ಲೇ ಬಿಟ್ಟರೆ ಗಾಳಿಯ ತೇವ ಹೀರುತ್ತದೆ. ಜನವರಿಯ ಒಣಗಾಳಿಯಲ್ಲಿ ಒಂದೆರಡು ಗಂಟೆ ಹೊರಗಿದ್ದರೂ ನಡೆಯುತ್ತದೆ, ಆಷಾಢದ ಜಿಟಿಜಿಟಿ ಮಳೆಯಲ್ಲಿ ಅರ್ಧ ಗಂಟೆಯೂ ಬೇಡ.

ಇಷ್ಟಾದರೂ ಅಂಟಾಗಿಬಿಟ್ಟರೆ? ಎಸೆಯಬೇಡಿ. ಚಿಕ್ಕದಾಗಿ ತುಂಡು ಮಾಡಿ, ದಪ್ಪ ಬಾಣಲೆಗೆ ಒಂದು ಚಮಚ ನೀರಿನ ಜೊತೆ ಹಾಕಿ, ಅತಿ ಸಣ್ಣ ಉರಿಯಲ್ಲಿ ಮಗುಚುತ್ತಾ ಕರಗಿಸಿ. ಪಾಕ ಬಿಟ್ಟುಕೊಂಡ ಮೇಲೆ ಒಂದು ತೊಟ್ಟು ನೀರಿಗೆ ಬಿಟ್ಟು ಅದೇ ಪರೀಕ್ಷೆ ಮಾಡಿ, ಟಣ್ ಎಂದ ಮೇಲೆ ಮತ್ತೆ ಲಟ್ಟಿಸಿ. ಬೀಜ ಸ್ವಲ್ಪ ಕಪ್ಪಾಗುತ್ತದೆ. ಈ ರಿಪೇರಿ ಒಂದು ಸಲಕ್ಕೆ ಮಾತ್ರ. ಎರಡನೇ ಸಲ ಕಾಯಿಸಿದರೆ ಬೀಜ ಸೀದು ಕಹಿಯಾಗುತ್ತದೆ.