ಬೆಣ್ಣೆ ದೋಸೆಗೆ 'ಸೂಪರ್' ಬಿಟ್ಟು ಬೇರೆ ಪದ ಬೇಕಾ? ಮೂಗು ಮುಚ್ಚಿ ತಿನ್ನಿ

ನಮ್ಮ ದಾವಣಗೆರೆ ಬೆಣ್ಣೆ ದೋಸೆ ಬಗ್ಗೆ ಯಾರು ಬರೆದಿದ್ದು ಓದಿದ್ರೂ ಅದೇ ನಾಲ್ಕು ಪದ ಬರುತ್ತೆ: ರುಚಿಕರ, ಸ್ವಾದಿಷ್ಟ, ಬಾಯಲ್ಲಿ ನೀರೂರಿಸೋ, ಸೂಪರ್. ಈ ನಾಲ್ಕನ್ನೂ ತೆಗೆದು ಹೋಳಿಗೆಗೆ ಹಚ್ಚಿದ್ರೂ ನಡೆಯುತ್ತೆ, ಮಿರ್ಚಿಗೆ ಹಚ್ಚಿದ್ರೂ ನಡೆಯುತ್ತೆ, ಅಂದ್ಮೇಲೆ ಅದ್ರಿಂದ ದೋಸೆ ಬಗ್ಗೆ ಏನೂ ಗೊತ್ತಾಗಲ್ಲ. ಊಟದ ಬಗ್ಗೆ ಬರೆಯೋಕೆ ಶುರು ಮಾಡಿರೋ ಹುಡುಗ್ರು ಹುಡುಗೀರು ನನ್ನ ಹತ್ರ ಪದಗಳ ಪಟ್ಟಿ ತರ್ತಾರೆ, ನೂರು ಪದ ಇರುತ್ತೆ, ಆದ್ರೆ ಎಲ್ಲಾ ಒಂದೇ ಗುಡ್ಡೆ. ರುಚಿ ಯಾವ್ದು, ವಾಸನೆ ಯಾವ್ದು, ಹಲ್ಲಿಗೆ ನಾಲಿಗೆಗೆ ತಾಗೋದು ಯಾವ್ದು ಅಂತ ಬೇರೆ ಮಾಡಿರಲ್ಲ, ಬರೆಯೋಕೆ ಕೂತಾಗ ಅದು ಕೈಗೆ ಬರಲ್ಲ. ಆ ಬೇರೆ ಮಾಡೋ ಕೆಲಸ ಹೇಗೆ ಅಂತ ಹೇಳ್ತೀನಿ.

ಮೊದ್ಲು ಒಂದು ನೋಟ್‌ಬುಕ್ ತಗೊಂಡು ಎದುರುಬದುರು ಎರಡು ಪುಟಕ್ಕೆ ಸೇರಿ ನಾಲ್ಕು ಮನೆ ಹಾಕ್ಕೊಳ್ಳಿ: ನಾಲಿಗೆ, ಮೂಗು, ಸ್ಪರ್ಶ, ಕಿವಿ. 'ರುಚಿ' ಅಂತ ಮಾತ್ರ ಮೇಲೆ ಬರೀಬೇಡಿ, ಯಾಕಂದ್ರೆ ಕನ್ನಡದಲ್ಲಿ ರುಚಿ ಅಂದ್ರೆ ಎಲ್ಲಾನೂ ಬರುತ್ತೆ, ನಾವು ಬೇರೆ ಮಾಡ್ಬೇಕು ಅಂತಿರೋದೇ ಅದನ್ನ.

ಪದ ಎಲ್ಲಿಂದ ತರೋದು? ಇಂಗ್ಲಿಷ್ ಪಟ್ಟಿ ಡೌನ್‌ಲೋಡ್ ಮಾಡಿ ಅನುವಾದ ಮಾಡೋ ಶಾರ್ಟ್‌ಕಟ್ ಬೇಡ, ಖಂಡಿತ ಬೇಡ. 'ಮಣ್ಣಿನ ರುಚಿ', 'ಬೀಜದಂಥ ರುಚಿ' ಅಂತೆಲ್ಲಾ ಬರುತ್ತೆ, ಅದನ್ನ ನಮ್ಮ ಕಡೆ ಯಾರೂ ಅನ್ನಲ್ಲ. ಮನೇಲಿ ಅಡುಗೆ ಮಾಡೋರ ಬಾಯಿಂದ ತಗೋಬೇಕು, ಆದ್ರೆ ನೇರ ಕೇಳ್ಬಾರ್ದು. 'ದೊಡ್ಡಮ್ಮ, ಇದ್ರ ರುಚಿ ಹೆಂಗೈತೆ' ಅಂತ ಕೇಳಿದ್ರೆ 'ಚೆನ್ನಾಗೈತೆ ಕಣಮ್ಮ' ಅಂತಾರೆ, ಅಲ್ಲಿಗೆ ಮುಗೀತು. ಅಡುಗೆ ಕೆಟ್ಟಾಗ ಪಕ್ಕದಲ್ಲಿ ನಿಂತಿರಿ, ಪದ ತಾನಾಗೇ ಉದುರುತ್ತೆ. ಹೋದ್ ವರ್ಷ ನಾನು ಮಾಡಿದ ಶೇಂಗಾ ಚಟ್ನಿಪುಡಿ ಬಾಯಿಗೆ ಹಾಕ್ಕೊಂಡು ನಮ್ಮ ದೊಡ್ಡಮ್ಮ ಒಂದೇ ಉಸಿರಲ್ಲಿ ಹೇಳಿದ್ದು ಇದು: 'ಅಯ್ಯೋ ಕಮಟೈತಲ್ಲೇ, ಯಾವ ಕಾಲದ ಶೇಂಗಾನೇ ಇದು, ಹುರಿದಿದ್ದೂ ಸಾಲ್ದು, ಹಸಿ ವಾಸ್ನೆ ಹೊಡಿತೈತೆ, ತರಿತರಿ ಇರ್ಬೇಕಿತ್ತು, ನೀನು ಜಾಸ್ತಿ ತಿರುವಿ ಜಿಡ್ಡು ಬಿಟ್ಟು ಮುದ್ದೆ ಆಗೈತೆ ನೋಡು.' ಕಮಟು, ಹಸಿ ವಾಸನೆ, ತರಿತರಿ, ಜಿಡ್ಡು, ಮುದ್ದೆ, ಐದು ಪದ ಸಿಕ್ತು, ಜೊತೆಗೆ ಪ್ರತಿಯೊಂದಕ್ಕೂ ಕಾರಣಾನೂ ಸಿಕ್ತು. ಕೇಳಿದ್ದನ್ನ ಕೇಳಿದ ಹಾಗೇ ಬರ್ಕೊಳ್ಳಿ, ಗ್ರಂಥದ ಭಾಷೆಗೆ ತಿದ್ದಬೇಡಿ. ಅರ್ಥ ಅನುಮಾನ ಬಂದ್ರೆ ಕಿಟೆಲ್ ನಿಘಂಟು ಇದೆ, 1894ರದ್ದು, ಅಡುಗೆಮನೆ ಪದ ಅದ್ರಲ್ಲಿ ಬೇಕಾದಷ್ಟಿವೆ.

ಈಗ ಮುಖ್ಯ ಕೆಲಸ, ಎಲ್ಲರೂ ತಪ್ಪೋದು ಇಲ್ಲೇ. ಸಿಕ್ಕ ಪದಾನ ಯಾವ ಮನೆಗೆ ಹಾಕ್ಬೇಕು ಅಂತ ತಲೇಲಿ ಯೋಚನೆ ಮಾಡಿದ್ರೆ ಗೊತ್ತಾಗಲ್ಲ, ಬಾಯಲ್ಲಿ ಹಾಕ್ಕೊಂಡೇ ನೋಡ್ಬೇಕು, ಅದೂ ಮೂಗು ಮುಚ್ಕೊಂಡು. ನಾವು ರುಚಿ ಅಂದ್ಕೊಂಡಿರೋದ್ರಲ್ಲಿ ಬಹಳಷ್ಟು ವಾಸನೆ. ಅಗಿಯೋವಾಗ ವಾಸನೆ ಗಂಟಲ ಹಿಂದಿನಿಂದ ಮೇಲಕ್ಕೆ ಹತ್ತಿ ಮೂಗಿಗೆ ಹೋಗುತ್ತೆ, ನಮಗೆ ಅದು ನಾಲಿಗೆ ಮೇಲೇ ಆದ ಹಾಗೆ ಅನ್ಸುತ್ತೆ. ನೆಗಡಿ ಬಂದಾಗ ಸಾರು ಸಪ್ಪೆ ಅನ್ಸೋದು ಇದಕ್ಕೇ, ನಾಲಿಗೆಗೆ ಏನೂ ಆಗಿರಲ್ಲ.

ಮಾಡೋ ಕ್ರಮ ಹೀಗೆ. ಮೂಗನ್ನ ಎರಡು ಬೆರಳಲ್ಲಿ ಬಿಗಿಯಾಗಿ ಹಿಡ್ಕೊಳ್ಳಿ, ತುತ್ತು ಬಾಯಿಗೆ ಹೋಗೋಕೆ ಮುಂಚೇನೇ ಹಿಡೀಬೇಕು, ಆಮೇಲೆ ಹಿಡಿದ್ರೆ ವಾಸನೆ ಆಗ್ಲೇ ಒಳಗೆ ಹೋಗಿರುತ್ತೆ. ಐದಾರು ಸಲ ಅಗೀರಿ, ನುಂಗಬೇಡಿ, ಏನು ಗೊತ್ತಾಗ್ತಿದೆ ಅಂತ ಇನ್ನೊಂದು ಕೈಯಲ್ಲಿ ಬರೀರಿ. ಆಮೇಲೆ ಬೆರಳು ಬಿಟ್ಟು ಮೂಗಿಂದ ನಿಧಾನ ಉಸಿರು ಹೊರಗೆ ಬಿಡಿ. ಆ ಉಸಿರಲ್ಲಿ ಹೊಸದಾಗಿ ಏನು ಬಂತೋ ಅದೆಲ್ಲಾ ಮೂಗಿನ ಮನೆಗೆ, ಮುಚ್ಚಿದಾಗಲೇ ಇದ್ದಿದ್ದು ನಾಲಿಗೆ ಅಥವಾ ಸ್ಪರ್ಶದ ಮನೆಗೆ.

ಮೂಗು ಸರಿಯಾಗಿ ಮುಚ್ಚಿದೆಯೋ ಇಲ್ವೋ ಅಂತ ಹೇಗೆ ತಿಳ್ಕೊಳ್ಳೋದು? ಜೀರಿಗೆ ಪುಡಿ, ದನಿಯಾ ಪುಡಿ ಎರಡು ಚಿಟಿಕೆ ಇಟ್ಕೊಂಡು, ಕಣ್ಣು ಮುಚ್ಚಿ, ಬೇರೆಯವರ ಕೈಲಿ ನಾಲಿಗೆ ಮೇಲೆ ಹಾಕಿಸ್ಕೊಳ್ಳಿ. ಯಾವ್ದು ಅಂತ ಸುಲಭವಾಗಿ ಹೇಳೋಕೆ ಬಂದ್ರೆ ಮೂಗಲ್ಲಿ ಗಾಳಿ ಸೋರ್ತಿದೆ ಅಂತ ಅರ್ಥ, ಇನ್ನೂ ಬಿಗಿಯಾಗಿ ಹಿಡೀರಿ. ಒಂದೇ ಸಲಕ್ಕೆ ನಾಲ್ಕೈದು ಪದಾರ್ಥಕ್ಕಿಂತ ಜಾಸ್ತಿ ಬೇಡ, ನಾಲಿಗೆ ಮೂಗು ಎರಡೂ ಸೋಲುತ್ತೆ. ನಡುನಡುವೆ ನೀರು ಕುಡಿದು ಉಪ್ಪಿಲ್ಲದ ಬಿಳಿ ಅನ್ನ ಒಂದು ತುತ್ತು ತಿನ್ನಿ. ನಮ್ಮೂರಲ್ಲಿ ಎಲ್ಲರೂ ಮಂಡಕ್ಕಿಗೆ ಕೈ ಹಾಕ್ತಾರೆ, ಅದು ಬೇಡ, ಮಂಡಕ್ಕೀಲಿ ಉಪ್ಪಿರುತ್ತೆ, ಮುಂದಿನ ತುತ್ತಿನ ಲೆಕ್ಕ ತಪ್ಪುತ್ತೆ.

ಇದನ್ನ ಮಾಡಿದ್ಮೇಲೆ ಎರಡು ಪದ ಜಾಗ ಬದಲಾಯಿಸುತ್ತೆ, ಮೊದಲನೇ ಸಲ ಎಲ್ಲರಿಗೂ ಆಶ್ಚರ್ಯ ಆಗುತ್ತೆ. ಒಂದು ಖಾರ. ಷಡ್ರಸದಲ್ಲಿ ಅದು ಇದ್ದೇ ಇದೆ, ಆದ್ರೆ ಮೆಣಸಿನಕಾಯಿ ಹೆಚ್ಚಿದ ಕೈಯನ್ನ ಕಣ್ಣಿಗೆ ಹಚ್ಚಿದ್ರೆ ಉರಿಯಲ್ವಾ? ಕಣ್ಣಿಗೆ ನಾಲಿಗೆ ಇಲ್ಲ. ಮೆಣಸಿನಕಾಯಲ್ಲಿರೋ ಕ್ಯಾಪ್ಸೈಸಿನ್ ಅನ್ನೋದು ಬಿಸಿ ಗೊತ್ತು ಮಾಡೋ ನರಗಳನ್ನೇ ಎಬ್ಬಿಸುತ್ತೆ, ಅದಕ್ಕೇ ಉರಿ ಅಂತೀವಿ. ಹಾಗಾಗಿ ನಾನು ಖಾರಾನ ಸ್ಪರ್ಶದ ಮನೆಗೇ ಹಾಕ್ತೀನಿ, ಮತ್ತೆ ಎಲ್ಲಿ ಉರೀತು ಅಂತಾನೂ ಬರೀತೀನಿ: ತುಟಿ, ನಾಲಿಗೆ ತುದಿ, ಗಂಟಲು. ಮಿರ್ಚಿ ಖಾರ ಬೇರೆ ಕಡೆ ಉರಿಯುತ್ತೆ, ಕಾಳುಮೆಣಸಿನ ಸಾರು ಗಂಟಲಿಗೆ ಹಿಡಿಯುತ್ತೆ. ಇನ್ನೊಂದು ಒಗರು. ಚನ್ನಗಿರಿ ಕಡೆ ಹಸಿ ಅಡಿಕೆ ಕಚ್ಚಿದವರಿಗೆ ಗೊತ್ತು, ಬಾಯೆಲ್ಲಾ ಹಿಡ್ಕೊಂಡ ಹಾಗೆ ಆಗುತ್ತೆ. ಅದ್ರಲ್ಲಿರೋ ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟ್ಕೊಂಡು ಬಾಯೊಳಗಿನ ಜಾರಿಕೆ ಕಡಿಮೆ ಮಾಡುತ್ತೆ, ಒಣಗಿದ ಹಾಗೆ ಅನ್ಸುತ್ತೆ. ನೇರಳೆಹಣ್ಣು, ಬಾಳೆಕಾಯಿ ಎಲ್ಲಾ ಇದೇ ಲೆಕ್ಕ. ಆಯುರ್ವೇದದವರು ಇವೆರಡನ್ನೂ ರಸ ಅಂತಾರೆ, ಅವರ ಲೆಕ್ಕ ಅವರಿಗೆ ಸರಿ, ನಮ್ಮ ಪುಸ್ತಕ ದೇಹದಲ್ಲಿ ಎಲ್ಲಿ ಗೊತ್ತಾಗುತ್ತೆ ಅನ್ನೋದ್ರ ಮೇಲೆ.

ಒಂದು ಬೆಣ್ಣೆ ದೋಸೆ ಪೂರ್ತಿ ಮಾಡಿ ತೋರಿಸ್ತೀನಿ. ಮೊನ್ನೆ ಬೆಳಿಗ್ಗೆ ಕಾಫಿ ಕುಡಿಯದೇ ಹೋಗಿದ್ದೆ. ಹೋಟೆಲ್ ಒಳಗೆ ಕಾಲಿಟ್ಟ ತಕ್ಷಣ ವಾಸನೆ ಬರ್ಕೊಂಡೆ, ಯಾಕಂದ್ರೆ ಸ್ವಲ್ಪ ಹೊತ್ತು ಕೂತ್ರೆ ಮೂಗಿಗೆ ಅಭ್ಯಾಸ ಆಗ್ಬಿಡುತ್ತೆ, ಆಮೇಲೆ ಏನೂ ಗೊತ್ತಾಗಲ್ಲ: ಸೌದೆ ಹೊಗೆ, ಕಾದ ಕಾವಲಿ, ಬೆಣ್ಣೆ ಕರಗೋ ಘಮ. ದೋಸೆ ಬಂತು, ಮೊದ್ಲು ಕೈ. ಅಂಚು ಗರಿಗರಿ, ನಡುವೆ ಮೆತ್ತಗೆ, ಮುರಿದ್ರೆ ಒಳಗೆ ಸಣ್ಣ ಸಣ್ಣ ತೂತು, ಬೆರಳಿಗೆ ಜಿಡ್ಡು. ಅಂಚು ಮುರಿದಾಗ ಚಟ್ ಅಂತು, ಅದು ಕಿವಿಗೆ. ಆಮೇಲೆ ಮೂಗು ಮುಚ್ಚಿ ಬರೀ ದೋಸೆ ಒಂದು ತುಂಡು: ಸಣ್ಣ ಹುಳಿ, ಉಪ್ಪು, ಅಷ್ಟೇ. ಮೇಲಿದ್ದ ಬೆಣ್ಣೆ ಮುದ್ದೇನ ಒಂದು ಚೂರು ಬೇರೇನೇ ಮೂಗು ಮುಚ್ಚಿ ಹಾಕ್ಕೊಂಡೆ. ಹೆಚ್ಚುಕಡಿಮೆ ಸಪ್ಪೆ, ನಾಲಿಗೆ ಮೇಲೆ ನುಣ್ಣಗೆ ಹರಡ್ತು, ತಣ್ಣಗಿತ್ತು. ಮೂಗು ಬಿಟ್ಟ ತಕ್ಷಣ ಬೆಣ್ಣೆ ಬಂತು, ಮಜ್ಜಿಗೆ ಕಡೆದಾಗ ಬರುತ್ತಲ್ಲ ಆ ಹಸಿ ಘಮ. ಅಂದ್ರೆ ನಮ್ಮೂರ ದೋಸೆಗೆ ಹೆಸರು ಕೊಟ್ಟ ಬೆಣ್ಣೆ ನಾಲಿಗೆಗೆ ಹೆಚ್ಚೇನೂ ಕೊಡಲ್ಲ, ಮೂಗಿಗೂ ಸ್ಪರ್ಶಕ್ಕೂ ಕೊಡುತ್ತೆ. ಇಷ್ಟು ವರ್ಷ 'ಬೆಣ್ಣೆಯ ರುಚಿ' ಅಂತ ಬರೀತಿದ್ದೆ, ಈಗ 'ಬೆಣ್ಣೆಯ ನುಣುಪು, ಕಡೆದ ಘಮ' ಅಂತ ಬರೀತೀನಿ. ಪಲ್ಯ ಹಿಟ್ಟುಹಿಟ್ಟು, ಸಪ್ಪೆ ಕಡೆಗೆ. ಕಾಯಿಚಟ್ನಿ ತೆಳ್ಳಗೆ, ಸಣ್ಣ ಸಿಹಿ, ಹಸಿಮೆಣಸಿನಕಾಯಿ ಉರಿ ನಾಲಿಗೆ ತುದಿಗೆ.

ಮನೇಲಿ ಈ ಪ್ರಯೋಗ ಮಾಡೋರು ಬೆಣ್ಣೆ ಅಂತ ಡಬ್ಬೀಲಿ ಬರೋ ವನಸ್ಪತಿ ಸ್ಪ್ರೆಡ್ ತರಬೇಡಿ, ಅದ್ರಲ್ಲಿ ಉಪ್ಪು ಇರುತ್ತೆ, ವಾಸನೆ ಹೊರಗಿಂದ ಸೇರಿಸಿದ್ದು, ಬರೆದಿದ್ದೆಲ್ಲಾ ವೇಸ್ಟ್.

ಮನೆ ತುಂಬಿದ್ಮೇಲೆ ಒಂದು ವಿಷಯ ಕಾಣುತ್ತೆ. ಸ್ಪರ್ಶದ ಪದ ಕನ್ನಡದಲ್ಲಿ ಧಾರಾಳ, ಅದ್ರಲ್ಲೂ ಜೋಡಿ ಪದ: ಗರಿಗರಿ, ಕುರುಕುರು, ತರಿತರಿ, ಉದುರುದುರು, ನಾರುನಾರು. ವಾಸನೆಗೆ ಒಂಟಿ ಪದ ಕಡಿಮೆ, ಬಹಳಷ್ಟು ಪದ ಆ ಪದಾರ್ಥಕ್ಕೆ ಏನಾಯ್ತು ಅನ್ನೋದನ್ನ ಹೇಳುತ್ತೆ: ಹಸಿ, ಹುರಿದ, ಸೀದ, ಹಳಸಿದ, ಮುಗ್ಗಿದ. ಹಾಗಾಗಿ ಮೂಗಿನ ಮನೇನ ಒಳ್ಳೇದು ಕೆಟ್ಟದ್ದು ಅಂತ ಮಾಡೋ ಬದಲು ಈ ಕ್ರಮದಲ್ಲೇ ಮೇಲಿಂದ ಕೆಳಕ್ಕೆ ಬರೀರಿ, ಒಲೆ ಮೇಲೆ ಇಡೋಕೆ ಮುಂಚಿನಿಂದ ಹಿಡಿದು ಕೆಟ್ಟು ಹೋಗೋವರೆಗೆ. ಹುಡುಕೋದು ಸುಲಭ.

ಕೊನೇ ಕೆಲಸ ಪ್ರತಿ ಪದಕ್ಕೂ ಒಂದು ಗುರುತು ಕಟ್ಟೋದು. ಕಮಟು ಅಂದ್ರೆ ಹಳೇ ಕೊಬ್ಬರಿ, ಎಣ್ಣೆ ಅಂಶ ಕೆಟ್ಟಿದ್ದು. ಮುಗ್ಗಲು ಅಂದ್ರೆ ಥಂಡಿ ಹಿಡಿದ ಜೋಳದ ಹಿಟ್ಟು. ಎರಡನ್ನೂ 'ಕೆಟ್ಟ ವಾಸನೆ' ಅಂತ ಒಂದೇ ಕಡೆ ಹಾಕೋರು ಬಹಳ ಜನ, ಪಕ್ಕಪಕ್ಕ ಇಟ್ಟು ಮೂಸಿದ್ರೆ ಒಂದಕ್ಕೊಂದು ಸಂಬಂಧಾನೇ ಇಲ್ಲ. ಘಾಟು ಅಂದ್ರೆ ಒಣಮೆಣಸಿನಕಾಯಿ ಹುರಿದಾಗ ಕೆಮ್ಮು ಬರಿಸೋದು. ಗರಿಗರಿ ನಾನು ತೆಳ್ಳಗಿರೋದಕ್ಕೆ ಮಾತ್ರ ಇಟ್ಟಿದ್ದೀನಿ, ಹಪ್ಪಳ, ದೋಸೆ ಅಂಚು. ಚಕ್ಲಿ ಕೋಡುಬಳೆಗೆ ಕುರುಕುರು. ಗುರುತು ಸರಿ ಇದೆಯಾ ಅಂತ ನೋಡೋಕೆ ಐದು ಬಟ್ಟಲಲ್ಲಿ ಐದು ಪದಾರ್ಥ ಇಟ್ಟು, ನಿಮ್ಮ ಪದ ಓದಿ, ಮನೆಯವರಿಗೆ ಯಾವ ಬಟ್ಟಲು ಅಂತ ತೋರಿಸೋಕೆ ಹೇಳಿ. ಮೂರು ಜನದಲ್ಲಿ ಇಬ್ಬರು ಒಂದೇ ಬಟ್ಟಲು ತೋರಿಸಿದ್ರೆ ಪದ ಉಳೀಲಿ. ಒಬ್ಬೊಬ್ಬರು ಒಂದೊಂದು ಕಡೆ ಕೈ ಮಾಡಿದ್ರೆ ಆ ಪದ ನಿಮಗೆ ಮಾತ್ರ ಅರ್ಥ ಆಗ್ತಿದೆ, ಹೊಡೆದುಹಾಕಿ.

ಮಂಡಕ್ಕಿ ಭಟ್ಟಿಗಳ ಕಡೆ ಹೋದಾಗ ಕಾದ ಮರಳಿಂದ ಅಕ್ಕಿ ಅರಳೋವಾಗ ಬರುತ್ತಲ್ಲ, ಆ ವಾಸನೆಗೆ ನನ್ನ ಪುಸ್ತಕದಲ್ಲಿ ಇನ್ನೂ 'ಬಿಸಿ ಮರಳು, ಹುರಿದಕ್ಕಿ' ಅಂತ ಎರಡು ತುಂಡು ಮಾತ್ರ ಇದೆ. ಭಟ್ಟೀಲಿ ಕೆಲಸ ಮಾಡೋರು ಅದಕ್ಕೆ ಒಂದೇ ಪದದಲ್ಲಿ ಏನಂತಾರೆ ಅಂತ ಗೊತ್ತಿದ್ರೆ ಬರೆದು ತಿಳಿಸಿ, ಜಾಗ ಖಾಲಿ ಬಿಟ್ಟಿದ್ದೀನಿ.