ಆಫರ್ ಲೆಟರ್ ಬಂದಾಗ ನಾನು ಪರಿಶೀಲಿಸುವ ಕ್ರಮ

ಯಾವುದೇ ಆಫರ್ ಲೆಟರ್ ಕೈಗೆ ಬಂದರೂ ಲೋಗೋ, ಸೀಲು, ಸಹಿ ನೋಡಿ ನಾನು ನಂಬುವುದಿಲ್ಲ. ಅವನ್ನು ನಕಲು ಮಾಡಲು ಹತ್ತು ನಿಮಿಷ ಸಾಕು. ಮೊದಲು ಹುಡುಕುವುದು ಸಿಐಎನ್, ಅಂದರೆ ಕಂಪನಿಯ 21 ಅಕ್ಷರಗಳ ನೋಂದಣಿ ಸಂಖ್ಯೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಅದು ಕಂಪನಿಯ ಲೆಟರ್‌ಹೆಡ್‌ನಲ್ಲಿ ಇರಲೇಬೇಕು.

ಒಂದು ಪತ್ರದಲ್ಲಿ U62099KA2021PTC ಎಂದು ಶುರುವಾಗಿ ಆರು ಅಂಕಿಗಳು ಇವೆ ಎನ್ನೋಣ. KA ಎಂದರೆ ಕರ್ನಾಟಕ, 2021 ನೋಂದಣಿಯಾದ ವರ್ಷ, PTC ಎಂದರೆ ಪ್ರೈವೇಟ್ ಲಿಮಿಟೆಡ್. ಅದೇ ಪತ್ರದ ತಲೆಯಲ್ಲಿ 'ಮುಂಬೈನಲ್ಲಿ ನೋಂದಾಯಿತ, 1998ರಿಂದ' ಎಂದಿದ್ದರೆ ಅಲ್ಲೇ ನಿಲ್ಲುತ್ತೇನೆ. ಪಾಲುದಾರಿಕೆ ಸಂಸ್ಥೆ ಆಮೇಲೆ ಕಂಪನಿಯಾದರೆ ವರ್ಷ ಹೀಗೆ ತಾಳೆಯಾಗದೇ ಇರಬಹುದು, ಆದರೆ ರಾಜ್ಯ, ವರ್ಷ ಎರಡೂ ಹೊಂದದಿದ್ದರೆ ವಿವರಣೆ ಕೇಳಲೇಬೇಕು. ನಂತರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ mca.gov.in ನಲ್ಲಿ ಆ ಸಂಖ್ಯೆ ಹಾಕಿ ಹೆಸರು, ವಿಳಾಸ, ಕಂಪನಿ ಚಾಲ್ತಿಯಲ್ಲಿದೆಯೇ ಎಂಬುದನ್ನು ನೋಡುತ್ತೇನೆ. ಸಣ್ಣ ಅಂಗಡಿ, ಏಕಮಾಲೀಕತ್ವದ ಸಂಸ್ಥೆಗಳಿಗೆ ಸಿಐಎನ್ ಇರುವುದೇ ಇಲ್ಲ. ಅಂಥಲ್ಲಿ ಅದಿಲ್ಲ ಎಂದ ಮಾತ್ರಕ್ಕೆ ಪತ್ರ ಸುಳ್ಳಲ್ಲ.

ಬಹಳ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸಿಐಎನ್ ಸರಿಯಾಗಿದ್ದರೆ ಕಂಪನಿ ನಿಜ ಎಂದಷ್ಟೇ ಗೊತ್ತಾಗುತ್ತದೆ. ಪತ್ರ ಅವರೇ ಕಳಿಸಿದ್ದು ಎಂದಲ್ಲ. ಚುರುಕಾದ ವಂಚಕರು ಅಸಲಿ ಕಂಪನಿಯ ಸಂಖ್ಯೆಯನ್ನೇ ಎತ್ತಿ ಹಾಕುತ್ತಾರೆ. ಹಾಗಾಗಿ ಇಮೇಲ್ ವಿಳಾಸವನ್ನು ಹಿಂದಿನಿಂದ ಓದುತ್ತೇನೆ. hr@company.joining-desk.in ಎಂಬ ವಿಳಾಸದಲ್ಲಿ ಕಂಪನಿಯ ಹೆಸರು ಕಂಡರೂ ಅದರ ಯಜಮಾನ joining-desk.in. ಪತ್ರದಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು ವ್ಯರ್ಥ, ಎತ್ತುವವರು ಆ ವಂಚಕರೇ. ಕಂಪನಿಯ ವೆಬ್‌ಸೈಟ್ ನಾವೇ ಹುಡುಕಿ, ಅಲ್ಲಿನ ನಂಬರಿಗೆ ಕರೆ ಮಾಡಿ, ಪತ್ರದ ರೆಫರೆನ್ಸ್ ನಂಬರ್ ಮತ್ತು ಸಹಿ ಹಾಕಿದವರ ಹೆಸರು ಹೇಳಿ ಕೇಳಬೇಕು.

ಇನ್ನು ದುಡ್ಡಿನ ವಿಷಯ. 'ಲ್ಯಾಪ್‌ಟಾಪ್ ಠೇವಣಿ 4,850 ರೂಪಾಯಿ, ಮೊದಲ ಸಂಬಳದ ಜೊತೆ ವಾಪಸ್, ಇವತ್ತು ಸಂಜೆ 5ರೊಳಗೆ ಕಟ್ಟಿ' ಎಂಬ ಸಾಲು ಕಂಡರೆ ಉಳಿದದ್ದೆಲ್ಲ ಸರಿಯಿದ್ದರೂ ನಾನು ಪತ್ರವನ್ನು ನಕಲಿ ಎಂದೇ ಪರಿಗಣಿಸುತ್ತೇನೆ. ಮೊತ್ತವನ್ನು ಬೇಕೆಂದೇ ಚಿಕ್ಕದಾಗಿ ಇಡುತ್ತಾರೆ. ಕೆಲಸ ತಪ್ಪೀತು ಎಂಬ ಭಯದಲ್ಲಿ ಯಾರಾದರೂ ಹೊಂದಿಸಿಬಿಡುವಷ್ಟು. ಅದನ್ನು ಕಟ್ಟಿದ ಮೇಲೆ ಟ್ರೈನಿಂಗ್, ವೆರಿಫಿಕೇಶನ್ ಎಂದು ಇನ್ನೆರಡು ಬೇಡಿಕೆ ಬರುತ್ತವೆ. ಅವರು ಕೊಟ್ಟ ಯುಪಿಐ ಐಡಿಯನ್ನು ಆ್ಯಪ್‌ನಲ್ಲಿ ಹಾಕಿದರೆ, ಹಣ ಕಳಿಸುವ ಮೊದಲೇ ಖಾತೆದಾರರ ಹೆಸರು ಕಾಣುತ್ತದೆ. ಕಂಪನಿಯ ಜಾಗದಲ್ಲಿ ಯಾರೋ ವ್ಯಕ್ತಿಯ ಹೆಸರು ಬಂದರೆ ಅದು ವಂಚನೆ ಎಂಬುದರಲ್ಲಿ ಅನುಮಾನವೇ ಇಲ್ಲ. ರಸೀದಿಯಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಆರನೆಯ ಅಕ್ಷರ ನೋಡಿ: ಕಂಪನಿಗೆ C, ವ್ಯಕ್ತಿಗೆ P.

ಹಣ ಈಗಾಗಲೇ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ವಹಿವಾಟಿನ ಯುಟಿಆರ್ ಸಂಖ್ಯೆ, ಇಮೇಲ್, ಚಾಟ್ ಯಾವುದನ್ನೂ ಅಳಿಸಬೇಡಿ, cybercrime.gov.in ನಲ್ಲಿ ದೂರು ಕೊಡುವಾಗ ಇವೇ ಬೇಕಾಗುತ್ತವೆ.